ಒಡವೆ ಅಂಗಡಿಯ ರೆಂಡರ್: ಸೈಕಲ್ಸೋ, ವಿ-ರೇಯೋ, ಎನ್‌ಸ್ಕೇಪೋ?

ದಾವಣಗೆರೆಯಲ್ಲಿ ಇಂಟೀರಿಯರ್ ಕೆಲಸ ಮಾಡುವ ಹುಡುಗರು, ಚಿತ್ರದುರ್ಗದಿಂದ ಫೋನ್ ಮಾಡುವವರು, ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಕೈಗೆ ಸಣ್ಣದೊಂದು ಒಡವೆ ಅಂಗಡಿಯ ಇಲ್ಲವೇ ಸೀರೆ ಅಂಗಡಿಯ ಕೆಲಸ ಬಂದಿದೆ. ಪ್ಲಾನ್ ಆಗಿದೆ, ಸ್ಕೆಚ್‌ಅಪ್‌ನಲ್ಲಿ ಮಾಡೆಲ್ ಕೂಡ ನಿಂತಿದೆ. ಈಗ ಮಾಲೀಕರಿಗೆ ತೋರಿಸುವ ಚಿತ್ರ ಬೇಕು. ಬ್ಲೆಂಡರ್ ಕಲಿತು ಅದರೊಳಗಿನ ಸೈಕಲ್ಸ್‌ನಲ್ಲಿ ಮಾಡಲೇ, ದುಡ್ಡು ಕಟ್ಟಿ ವಿ-ರೇ ಹಾಕಿಕೊಳ್ಳಲೇ, ಇಲ್ಲ ಎನ್‌ಸ್ಕೇಪ್, ಡಿ5 ಥರದ್ದರಲ್ಲಿ ಕೂತಲ್ಲೇ ಮುಗಿಸಲೇ?

ಮನೆಯ ಹಾಲ್ ಅಥವಾ ಅಡುಗೆಮನೆ ಆಗಿದ್ದರೆ ಯಾವುದಾದರೂ ನಡೆಯುತ್ತೆ ಅನ್ನುತ್ತಿದ್ದೆ. ಒಡವೆ ಅಂಗಡಿಯಲ್ಲಿ ಹಾಗೆ ಹೇಳಲಾಗದು. ಅಲ್ಲಿ ಗಾಜಿನ ಹಿಂದೆ ಗಾಜು, ಮೇಲೆ ಸಾಲಾಗಿ ಸ್ಪಾಟ್ ಲೈಟು, ಕೆಳಗೆ ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸು. ಮೂರೂ ಒಂದರ ಕೆಲಸವನ್ನು ಇನ್ನೊಂದು ಕೆಡಿಸುವಂಥವು. ಹಾಗಾಗಿ ಸಾಫ್ಟ್‌ವೇರಿನ ಹೆಸರಿಗೆ ಮೊದಲು, ಯಾವುದರ ಮೇಲೆ ಅಳೆಯಬೇಕು ಅನ್ನೋದನ್ನು ಇಟ್ಟುಕೊಳ್ಳೋಣ.

ಅಳೆಯೋದು ಯಾವುದರಿಂದ

ಲೆಕ್ಕಕ್ಕೆ ಒಂದು ಅಂಗಡಿ ಇರಲಿ. ಮಂಡಿಪೇಟೆ ಕಡೆ ಸಿಗುವಂಥದ್ದು: 12 ಅಡಿ ಅಗಲ, 30 ಅಡಿ ಉದ್ದ, ಫಾಲ್ಸ್ ಸೀಲಿಂಗ್ ಆದ ಮೇಲೆ 10 ಅಡಿ ಎತ್ತರ. ಎಡಕ್ಕೆ ಮೂರಡಿ ಎತ್ತರದ ಗಾಜಿನ ಕೌಂಟರ್ ಉದ್ದಕ್ಕೂ ಹೋಗಿದೆ. ಬಲಗೋಡೆಗೆ ಗಾಜಿನ ಶೆಲ್ಫ್ ಇರುವ ಶೋಕೇಸು. ನೆಲಕ್ಕೆ ಎರಡಡಿ-ನಾಲ್ಕಡಿಯ ಹೊಳಪಿನ ಟೈಲು. ಕ್ಯಾಮೆರಾ ಬಾಗಿಲ ಒಳಗೆ, 5 ಅಡಿ ಎತ್ತರದಲ್ಲಿ, ಲೆವೆಲ್ ಆಗಿ ನಿಂತಿದೆ. ಚಿತ್ರವನ್ನು ಮಾಲೀಕರು ಮೊಬೈಲಲ್ಲೇ ನೋಡೋದರಿಂದ ನಿಂತ ಫ್ರೇಮ್, ಲೆನ್ಸ್ 24 ಮಿ.ಮೀ.

ಮೊದಲನೇ ಅಳತೆ ಗಾಜು. ಮೇಲಿನ ಸ್ಪಾಟಿನ ಬೆಳಕು ಕೌಂಟರಿನ ಗಾಜನ್ನು ದಾಟಿ ಒಳಗಿನ ಸರದ ಮೇಲೆ ಬೀಳುತ್ತದೆಯೇ? ಒಂದು ಶೋಕೇಸಿನ ಹಿಂದೆ ಇನ್ನೊಂದು ಕಾಣುವಾಗ ಎರಡನೆಯದು ಕಪ್ಪಾಗದೆ ಉಳಿಯುತ್ತದೆಯೇ?

ಎರಡನೆಯದು ಸ್ಪಾಟ್. ಅಂಗಡಿಯಿಂದ ತರುವ ಲೈಟಿನ ಡಬ್ಬದ ಮೇಲೆ ಬೀಮ್ ಆ್ಯಂಗಲ್ ಬರೆದಿರುತ್ತದೆ. 24 ಡಿಗ್ರಿಯದ್ದು 10 ಅಡಿ ಸೀಲಿಂಗಿನಿಂದ 3 ಅಡಿ ಕೌಂಟರಿನ ಮೇಲೆ, ಅಂದರೆ 7 ಅಡಿ ಕೆಳಗೆ, ಸುಮಾರು 3 ಅಡಿ ಅಗಲದ ಬೆಳಕಿನ ವೃತ್ತ ಬೀಳಿಸುತ್ತದೆ. 36 ಡಿಗ್ರಿಯದ್ದಾದರೆ ನಾಲ್ಕೂವರೆ ಅಡಿ. 15 ಡಿಗ್ರಿಯದ್ದಾದರೆ ಎರಡಡಿಯೂ ಇಲ್ಲ. ಚಿತ್ರದಲ್ಲಿ ಈ ವ್ಯತ್ಯಾಸ ನಿಜವಾಗಿ ಕಾಣಬೇಕು. ಇಲ್ಲದಿದ್ದರೆ ಎಷ್ಟು ಲೈಟು ಬೇಕು ಅನ್ನೋದೇ ತಪ್ಪಿಹೋಗುತ್ತೆ, ಆ ತಪ್ಪು ಕೊನೆಗೆ ಎಲೆಕ್ಟ್ರಿಷಿಯನ್ ಬಿಲ್ಲಿನಲ್ಲಿ ಬರುತ್ತೆ.

ಮೂರನೆಯದು ನೆಲ. ಇದರ ಬಗ್ಗೆಯೇ ಹೆಚ್ಚು ಹೇಳಬೇಕಿದೆ, ಮುಂದೆ ಬರುತ್ತೇನೆ.

ನಾಲ್ಕನೆಯದು ನಿಮ್ಮ ಕಂಪ್ಯೂಟರು, ನಿಮ್ಮ ಕಿಸೆ, ಮತ್ತು ಮಾಲೀಕರು ಎಷ್ಟು ಸಲ ಬದಲಾಯಿಸಿ ಅನ್ನುತ್ತಾರೆ ಅನ್ನೋದು. ಕೊನೆಯದು ಬಹಳ ಜನ ಲೆಕ್ಕಕ್ಕೆ ಹಿಡಿಯೋದೇ ಇಲ್ಲ.

ನೆಲದ ಹೊಳಪು: ತಪ್ಪು ಟೈಲಿನಲ್ಲಿಲ್ಲ

"ಏನ್ ಸರ್, ನೆಲದ ಮ್ಯಾಲೆ ನೀರು ಚೆಲ್ಲಿದಂಗೆ ಕಾಣ್ತೈತಲ್ರೀ." ಒಡವೆ ಅಂಗಡಿಯ ಮೊದಲ ರೆಂಡರ್ ತೋರಿಸಿದ ಎಲ್ಲರೂ ಈ ಮಾತು ಒಮ್ಮೆಯಾದರೂ ಕೇಳಿರುತ್ತಾರೆ. ಕೇಳಿದ ತಕ್ಷಣ ಎಲ್ಲರೂ ಮಾಡೋದು ಒಂದೇ: ಟೈಲಿನ ರಫ್‌ನೆಸ್ ಏರಿಸೋದು. ಚುಕ್ಕಿಯಂತಿದ್ದ ಲೈಟಿನ ಬಿಂಬ ಉದ್ದುದ್ದ ಬಿಳಿ ಪಟ್ಟಿಯಾಗುತ್ತೆ. ಇನ್ನೂ ಏರಿಸಿದರೆ ಪಟ್ಟಿ ಹೋಗುತ್ತೆ, ಜೊತೆಗೆ ಅಂಗಡಿಯ ಶ್ರೀಮಂತಿಕೆಯೂ ಹೋಗಿ ನೆಲ ಸಿಮೆಂಟಿನ ಹಾಗೆ ಕೂರುತ್ತೆ.

ನಿಜಕ್ಕೂ ಆಗುತ್ತಿರುವುದು ಏನೆಂದು ನೋಡೋಣ. ಹೊಳಪಿನ ಟೈಲು ನೇರವಾಗಿ ಮೇಲಿಂದ ನೋಡಿದರೆ ಬೆಳಕಿನ ನೂರಕ್ಕೆ 4 ಭಾಗವನ್ನಷ್ಟೇ ಕನ್ನಡಿಯಂತೆ ಹಿಂದಿರುಗಿಸುತ್ತದೆ. ಓರೆಯಾದಷ್ಟೂ ಅದು ಏರುತ್ತದೆ. ನಮ್ಮ ಅಂಗಡಿಯಲ್ಲಿ ಕ್ಯಾಮೆರಾದಿಂದ 5 ಅಡಿ ದೂರದ ನೆಲ 45 ಡಿಗ್ರಿಯಲ್ಲಿದೆ, ಅಲ್ಲಿ ನೂರಕ್ಕೆ 5. 8 ಅಡಿ ದೂರದಲ್ಲಿ 58 ಡಿಗ್ರಿ, ನೂರಕ್ಕೆ 8. 25 ಅಡಿ ದೂರದಲ್ಲಿ ಸುಮಾರು 79 ಡಿಗ್ರಿ, ಅಲ್ಲಿ ನೂರಕ್ಕೆ 35ರ ಹತ್ತಿರ. ಅಂದರೆ ಅಂಗಡಿಯ ಹಿಂದಿನ ತುದಿಯ ನೆಲ ಹೊಳೆಯುವುದು ಸಹಜ, ಅಲ್ಲಿ ಶೋಕೇಸಿನ ಬೆಳಕು ಉದ್ದವಾಗಿ ಇಳಿಯುವುದು ಚೆಂದ. ಕಣ್ಣಿಗೆ ಚುಚ್ಚುವುದು ಅದಲ್ಲ, ಸೀಲಿಂಗಿನ ಲೈಟಿನ ಬಿಂಬ.

ಆ ಬಿಂಬ ಎಲ್ಲಿ ಬೀಳುತ್ತೆ? ಕ್ಯಾಮೆರಾ 5 ಅಡಿ, ಸೀಲಿಂಗ್ 10 ಅಡಿ ಇದ್ದಾಗ, ಲೈಟು ಎಷ್ಟು ದೂರ ಇದೆಯೋ ಅದರ ಮೂರನೇ ಒಂದು ಭಾಗದಲ್ಲಿ ಬಿಂಬ ಇರುತ್ತದೆ. 24 ಅಡಿ ದೂರದ ಲೈಟು 8 ಅಡಿ ದೂರದ ನೆಲದಲ್ಲಿ ಕಾಣುತ್ತೆ. ನಮ್ಮ ಫ್ರೇಮಿನಲ್ಲಿ ನೆಲ ಕಾಣಲು ಶುರುವಾಗುವುದೇ ಆರೂಮುಕ್ಕಾಲು ಅಡಿಯ ಹತ್ತಿರದಿಂದ. ಹಾಗಾಗಿ 20 ಅಡಿಯಿಂದ ಆಚೆಗಿನ ಲೈಟುಗಳ ಬಿಂಬ ಮಾತ್ರ ಚಿತ್ರದೊಳಗೆ ಬರುತ್ತದೆ. ಅದಕ್ಕಿಂತ ಹತ್ತಿರದ ಲೈಟುಗಳು ನೆಲದ ಮಟ್ಟಿಗೆ ನಿರಪರಾಧಿಗಳು.

ಇನ್ನೊಂದು ಲೆಕ್ಕ. ಆ 24 ಅಡಿ ದೂರದ ಲೈಟಿನಿಂದ ಹೊರಟು ನೆಲಕ್ಕೆ ಬಡಿದು ಕ್ಯಾಮೆರಾಕ್ಕೆ ಬರುವ ಕಿರಣ, ಲೈಟಿನಿಂದ ನೇರ ಕೆಳಗಿನ ಗೆರೆಗೆ 58 ಡಿಗ್ರಿ ಓರೆಯಲ್ಲಿ ಹೊರಟಿರುತ್ತದೆ. 24 ಡಿಗ್ರಿ ಬೀಮಿನ ಸ್ಪಾಟು ತನ್ನ ಗಟ್ಟಿ ಬೆಳಕನ್ನು ಅತ್ತಿತ್ತ 12 ಡಿಗ್ರಿಯೊಳಗೇ ಚೆಲ್ಲುತ್ತದೆ. 58 ಡಿಗ್ರಿಯಲ್ಲಿ ಅದು ಹೆಚ್ಚುಕಮ್ಮಿ ಕತ್ತಲೆ. ಹಾಗಾದರೆ ನೆಲದಲ್ಲಿ ಉರಿಯುವ ಚುಕ್ಕಿ ಬಂದದ್ದೆಲ್ಲಿಂದ? ನೀವು ಸೀಲಿಂಗಿಗೆ ಅಂಟಿಸಿದ, ಎಲ್ಲ ದಿಕ್ಕಿಗೂ ಒಂದೇ ಸಮ ಹೊಳೆಯುವ ಬಿಳಿ ತಟ್ಟೆಯಿಂದ, ಅಥವಾ ಪಾಯಿಂಟ್ ಲೈಟಿನಿಂದ.

ಪರಿಹಾರ ಲೈಟಿನಲ್ಲೇ ಇದೆ. ಫಿಟಿಂಗನ್ನು ನಿಜವಾದ ಹಾಗೆ ಮಾಡಿ: 3 ಇಂಚಿನ ತೆರಪು, ಒಳಗೆ ಒಂದೂವರೆ ಇಂಚಿನ ಲೆನ್ಸ್, ಅದನ್ನು ಒಂದೂಮುಕ್ಕಾಲು ಇಂಚು ಆಳದಲ್ಲಿ ಕೂರಿಸಿ, ಸುತ್ತಲಿನ ಒಳಗೋಡೆಗೆ ಮಂದ ಕಪ್ಪು ಬಣ್ಣ ಕೊಡಿ. ಹೀಗೆ ಮಾಡಿದರೆ 52 ಡಿಗ್ರಿಗಿಂತ ಓರೆಯಿಂದ ಲೆನ್ಸ್ ಕಾಣುವುದೇ ಇಲ್ಲ. ನಮ್ಮ ಫ್ರೇಮಿನಲ್ಲಿ ಬಿಂಬ ಬೀಳಿಸುವ ಅತಿ ಹತ್ತಿರದ ಲೈಟಿನ ಓರೆಯೇ 53 ಡಿಗ್ರಿ. ಟೈಲಿನ ರಫ್‌ನೆಸ್ 0.05ರಲ್ಲೇ ಇದ್ದರೂ ನೆಲದಲ್ಲಿ ಚುಕ್ಕಿ ಇಲ್ಲ. ಶೋಕೇಸಿನ ಬಿಂಬ ಮಾತ್ರ ಉಳಿಯುತ್ತೆ. ನಿಜವಾದ ಅಂಗಡಿಗೂ ಇದೇ ಫಿಟಿಂಗ್ ತರಿಸಿದರೆ ಗಿರಾಕಿಯ ಕಣ್ಣಿಗೂ ಹಿತ.

ಒಂದು ಎಚ್ಚರಿಕೆ. ಕೆಲವರು ಅಡ್ಡದಾರಿ ಹಿಡಿದು ಲೈಟುಗಳು ಪ್ರತಿಫಲನದಲ್ಲಿ ಕಾಣದ ಹಾಗೆ ಆಫ್ ಮಾಡಿಬಿಡುತ್ತಾರೆ. ಬ್ಲೆಂಡರಿನಲ್ಲಿ ಲೈಟಿನ `Ray Visibility` ಒಳಗೆ `Glossy` ತೆಗೆದರೆ ಆಯಿತು. ನೆಲ ಶುದ್ಧವಾಗುತ್ತೆ ನಿಜ. ಆದರೆ ಚಿನ್ನ ಮಿನುಗುವುದೇ ಆ ಸಣ್ಣ ದೀಪಗಳ ಬಿಂಬದಿಂದ. ಅದನ್ನು ತೆಗೆದರೆ ನೆಕ್ಲೇಸು ಹಳದಿ ಪ್ಲಾಸ್ಟಿಕ್ಕು. ನೆಲದಲ್ಲಿ ಬೇಡವಾದದ್ದೇ ಒಡವೆಯಲ್ಲಿ ಬೇಕಾದದ್ದು. ಯಾವ ಸಾಫ್ಟ್‌ವೇರ್ ಈ ಎರಡನ್ನೂ ಬಿಡಿಸಿ ಕೊಡುತ್ತೆ ಅನ್ನೋದೇ ಆಯ್ಕೆಯ ಮುಖ್ಯ ಪ್ರಶ್ನೆ.

ಬ್ಲೆಂಡರ್ ಸೈಕಲ್ಸ್

ದುಡ್ಡಿಲ್ಲ, ಲೈಸೆನ್ಸಿನ ತಲೆನೋವಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೂ ಪ್ರೊಸೆಸರಿನ ಮೇಲೆಯೇ ಓಡುತ್ತೆ, ಆದರೆ ರಾತ್ರಿಯಿಡೀ ಬಿಡಬೇಕಾಗಬಹುದು, ಯುಪಿಎಸ್ ಇರಲಿ. ನೆಲದ ವಿಷಯದಲ್ಲಿ ನನಗೆ ಇದರ ಮೇಲೆ ಪೂರ್ತಿ ನಂಬಿಕೆ. ಕಿರಣವನ್ನು ನಿಜವಾಗಿ ಹಿಂಬಾಲಿಸುವುದರಿಂದ ಮೇಲಿನ ಲೆಕ್ಕ ಹಾಗೇ ಚಿತ್ರಕ್ಕೆ ಬರುತ್ತದೆ. ಬೆಳಕು ಯಾವ ದಿಕ್ಕಿಗೆ ಎಷ್ಟು ಹೋಗುತ್ತೆ ಎಂದು ಹೇಳುವ, ಲೈಟು ಮಾರುವ ಕಂಪನಿ ಕೊಡುವ ಐಇಎಸ್ ಫೈಲನ್ನು `IES Texture` ನೋಡ್‌ಗೆ ಕೊಟ್ಟರೆ ಬೀಮಿನ ಆಕಾರವೂ ನಿಜದ್ದೇ. ಫೈಲು ಸಿಗದಿದ್ದರೆ ಸ್ಪಾಟ್ ಲೈಟು ಹಾಕಿ. ಆದರೆ ಡಬ್ಬದ ಮೇಲಿನ 24 ಡಿಗ್ರಿ ಅಂದರೆ ಬೆಳಕು ಅರ್ಧಕ್ಕೆ ಇಳಿಯುವ ಅಂಚು. ಬ್ಲೆಂಡರಿನ `Spot Size` ಅಂದರೆ ಬೆಳಕು ಪೂರ್ತಿ ನಿಲ್ಲುವ ಅಂಚು. ಹಾಗಾಗಿ ಅಲ್ಲಿ 24 ಎಂದೇ ಬರೆದರೆ ವೃತ್ತ ಕಿರಿದಾಗುತ್ತೆ. ಸ್ವಲ್ಪ ದೊಡ್ಡ ಸಂಖ್ಯೆ ಕೊಟ್ಟು `Blend` ಏರಿಸಿ, ಕೌಂಟರಿನ ಮೇಲೆ ಅರ್ಧ ಬೆಳಕಿನ ಅಂಚು 3 ಅಡಿ ಬರುವ ತನಕ ಹೊಂದಿಸಿ.

ಸೈಕಲ್ಸ್ ಕೈಕೊಡುವುದು ಗಾಜಿನಲ್ಲಿ. ಗಾಜಿನ ಮೆಟೀರಿಯಲ್ ಹಾಕಿದ ಕೌಂಟರು ಕಣ್ಣಿಗೆ ಪಾರದರ್ಶಕ, ಆದರೆ ನೆರಳಿನ ಲೆಕ್ಕದಲ್ಲಿ ಅದು ಗೋಡೆ. ಸ್ಪಾಟಿನ ಬೆಳಕು ಒಳಗೆ ಇಳಿಯುವುದು ಕಾಸ್ಟಿಕ್ ಎಂಬ ಸುತ್ತುದಾರಿಯಿಂದ ಮಾತ್ರ, ಅದು ಬಹಳ ನಿಧಾನ, ಮೇಲಾಗಿ ಬಿಳಿ ಚುಕ್ಕಿಗಳ ಕಾಟ. ಗುರುತು ಹಿಡಿಯೋದು ಸುಲಭ: ಕೌಂಟರಿನ ಹೊರಗಿನ ಮರದ ಪಟ್ಟಿ ಬೆಳಗಿದೆ, ಒಳಗಿನ ಮಖಮಲ್ಲು ಮಂಕಾಗಿದೆ. ಇದಕ್ಕೆ ಎಲ್ಲರೂ ಬಳಸುವ ಉಪಾಯ, `Light Path` ನೋಡ್‌ನ `Is Shadow Ray` ತಂತಿಯಿಂದ `Glass BSDF` ಮತ್ತು `Transparent BSDF` ಎರಡನ್ನೂ ಬೆರೆಸೋದು. ಕ್ಯಾಮೆರಾಕ್ಕೆ ಗಾಜು, ನೆರಳಿಗೆ ಬಯಲು.

ಉಪಾಯಕ್ಕೂ ಒಂದು ಬಾಲ ಇದೆ. ಬೆಳಕು ಎಷ್ಟು ಮೈ ದಾಟಬಹುದು ಅನ್ನುವ `Transparent` ಬೌನ್ಸು ಬ್ಲೆಂಡರಿನ ಡೀಫಾಲ್ಟಿನಲ್ಲಿ 8. ಒಂದು ಗಾಜಿಗೆ ಮೇಲೊಂದು ಕೆಳಗೊಂದು, ಎರಡು ಮೈ. ಕೌಂಟರಿನ ಮೇಲ್ಗಾಜು, ಒಳಗಿನ ಎರಡು ಶೆಲ್ಫು, ಅಂದರೆ ಅಲ್ಲಿಗೇ 6 ಮೈ ಆಯಿತು. ಇನ್ನೆರಡು ಗಾಜು ಸೇರಿದರೆ 10, ಬೆಳಕು ಅಲ್ಲೇ ನಿಲ್ಲುತ್ತೆ. ಮೇಲಿನ ಶೆಲ್ಫು ಚೆನ್ನಾಗಿದ್ದು ಕೆಳಗಿನದು ಮಾತ್ರ ಕಾರಣವಿಲ್ಲದೆ ಕಪ್ಪಾಗಿದ್ದರೆ ಅನುಮಾನಿಸಬೇಕಾದದ್ದು ಇದನ್ನೇ. ಅದನ್ನು 32ಕ್ಕೆ ಏರಿಸಿ. ಕ್ಯಾಮೆರಾದ ಕಡೆಯಿಂದಲೂ ಹೀಗೇ ಆಗುತ್ತದೆ, `Transmission` ಮತ್ತು `Total` ಎರಡೂ 12ರಲ್ಲಿರುತ್ತವೆ. ಶೋಕೇಸಿನ ಹಿಂದೆ ಶೋಕೇಸು ಇದ್ದರೆ ಎರಡನ್ನೂ 24 ಮಾಡಿ. ಒಂದನ್ನೇ ಏರಿಸಿ ಇನ್ನೊಂದನ್ನು ಮರೆತರೆ ಏನೂ ಬದಲಾಗದು.

ಗಾಜನ್ನು ಒಂದೇ ಹಾಳೆಯಾಗಿ ಮಾಡಬೇಡಿ. ಹಾಳೆಗೆ ಗಾಜಿನ ಮೆಟೀರಿಯಲ್ ಕೊಟ್ಟರೆ ಅದರಾಚೆ ಎಲ್ಲವೂ ಗಟ್ಟಿ ಗಾಜಿನೊಳಗೆ ಮುಳುಗಿದೆ ಎಂದು ಸಾಫ್ಟ್‌ವೇರ್ ತಿಳಿಯುತ್ತೆ, ಶೋಕೇಸಿನ ಒಳಗಿನದು ಸೊಟ್ಟಗಾಗುತ್ತೆ. 8 ಅಥವಾ 12 ಮಿ.ಮೀ. ದಪ್ಪ ಕೊಟ್ಟು ಪೆಟ್ಟಿಗೆಯಾಗಿಯೇ ಮಾಡಿ. ಸ್ಕೆಚ್‌ಅಪ್‌ನಿಂದ ತಂದ ಮಾಡೆಲ್ಲಿನಲ್ಲಿ ಮುಖಗಳು ತಿರುವುಮುರುವಾಗಿರೋದು ಮಾಮೂಲಿ, ಗಾಜಿಗೆ ಮಾತ್ರ ಅದು ಕ್ಷಮೆಯಿಲ್ಲದ ದೋಷ. ತಂದ ತಕ್ಷಣ ನೋಡಿಕೊಳ್ಳಿ.

ಬಿಳಿ ಚುಕ್ಕಿಗಳನ್ನು ಹೊಡೆಯಲು ಕಾಸ್ಟಿಕ್ ಎರಡೂ ಆಫ್ ಮಾಡಬಹುದು, `Clamp Indirect` 10ರಿಂದ 5ಕ್ಕೆ ಇಳಿಸಬಹುದು. 1ಕ್ಕೆ ಇಳಿಸಿದರೆ ಒಡವೆಯಿಂದ ಒಡವೆಗೆ ಹಾರುವ ಮಿಂಚೂ ಸಾಯುತ್ತದೆ. ಡಿನಾಯ್ಸರನ್ನು ಕಡಿಮೆ ಸ್ಯಾಂಪಲಿಗೆ ನಂಬಿ ಕೂರಬೇಡಿ, ಸಣ್ಣ ಮಣಿಗಳು ಕರಗಿ ಗೀಟಾಗುತ್ತವೆ.

ಬಣ್ಣದ್ದೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬ್ಲೆಂಡರ್ 4.0ರಿಂದ ಡೀಫಾಲ್ಟ್ `View Transform` ಆಗಿರುವ `AgX` ತೀರಾ ಬೆಳಗಿದ ಜಾಗದ ಬಣ್ಣವನ್ನು ಬಿಳುಪಿನ ಕಡೆ ಎಳೆಯುತ್ತದೆ. ಕಣ್ಣಿಗೆ ಹಿತ, ಆದರೆ ಚಿನ್ನ ತೆಳುವಾದಂತೆ ಕಾಣುತ್ತದೆ. ಎಕ್ಸ್‌ಪೋಷರ್ ಇಳಿಸಿ ನೋಡಿ, ಸಾಲದಿದ್ದರೆ ಲುಕ್ಕಿನಲ್ಲಿ `Medium High Contrast` ತೆಗೆದುಕೊಳ್ಳಿ.

ಸ್ಕೆಚ್‌ಅಪ್ ಜೊತೆ ವಿ-ರೇ

ಸ್ಕೆಚ್‌ಅಪ್‌ನಲ್ಲೇ ಕೂತು ಬೆಳೆದವರಿಗೆ ಇದರ ಮೊದಲ ಲಾಭ, ಮಾಡೆಲ್ಲನ್ನು ಎಲ್ಲಿಗೂ ಹೊತ್ತೊಯ್ಯಬೇಕಿಲ್ಲ. ಎರಡನೆಯದು ಗಾಜು. ಸೈಕಲ್ಸಿನಲ್ಲಿ ನೋಡ್ ಜೋಡಿಸಿ ಮಾಡಿದ ಕಸರತ್ತು ಇಲ್ಲಿ ಒಂದು ಟಿಕ್ಕು: ಮೆಟೀರಿಯಲ್ಲಿನ ರಿಫ್ರಾಕ್ಷನ್ ಭಾಗದಲ್ಲಿ `Affect Shadows`. ಬೆಳಕು ಗಾಜು ದಾಟಿ ಮಖಮಲ್ಲಿನ ಮೇಲೆ ಬೀಳುತ್ತದೆ. ಗಾಜಿನ ಒಳಗಡೆಯ ಬೌನ್ಸಿನ ಮಿತಿ ಇಲ್ಲೂ ಇದೆ, ಮೆಟೀರಿಯಲ್ಲಿನ `Max Depth` ಏರಿಸೋದನ್ನು ಮರೆಯಬಾರದು.

ನೆಲ ಮತ್ತು ಒಡವೆಯ ಜಗಳವನ್ನು ಬಿಡಿಸಲು ಇದರಲ್ಲಿ ಕೈಗಳು ಹೆಚ್ಚು. ಲೈಟಿಗೇ `Affect Specular`, `Affect Reflections` ಬೇರೆ ಬೇರೆ ಇವೆ. ಆದರೂ ಮೊದಲು ಫಿಟಿಂಗನ್ನೇ ಆಳಕ್ಕೆ ಕೂರಿಸಿ ಅನ್ನುತ್ತೇನೆ. ಐಇಎಸ್ ಲೈಟು ಹಾಕಿದರೆ ಅರ್ಧ ಕೆಲಸ ಅದೇ ಮಾಡುತ್ತೆ. ಓರೆಯಾದಷ್ಟೂ ಹೊಳಪು ಏರಿಸುವ ಫ್ರೆನೆಲ್ ಟೈಲಿಗೆ ಆನ್ ಇರಲಿ, ಐಒಆರ್ 1.5ರ ಆಸುಪಾಸು ಸಾಕು. ಹೊಳಪು ಜಾಸ್ತಿ ಬರಲಿ ಎಂದು ಫ್ರೆನೆಲ್ ಆಫ್ ಮಾಡಿದ ನೆಲವೇ ಮಾಲೀಕರಿಗೆ ನೀರಿನಂತೆ ಕಾಣೋದು. ಹತ್ತಿರದ ನೆಲವೂ ದೂರದ ನೆಲವೂ ಒಂದೇ ಸಮ ಕನ್ನಡಿಯಾಗಿಬಿಡುತ್ತೆ.

ವಿ-ರೇಗೆ ದುಡ್ಡು ಕೊಡಬಹುದು ಎಂದು ನನಗೆ ಅನಿಸುವುದು ಲೈಟ್ ಮಿಕ್ಸ್‌ಗಾಗಿ. ರೆಂಡರ್ ಮುಗಿದ ಮೇಲೂ ಒಂದೊಂದು ಲೈಟಿನ ಬಣ್ಣ, ಪ್ರಮಾಣ ಬದಲಾಯಿಸಬಹುದು, ಮತ್ತೆ ರೆಂಡರ್ ಬೇಡ. ಒಡವೆ ಅಂಗಡಿಯಲ್ಲಿ ಇದು ಆಟದ ಸಾಮಾನಲ್ಲ. ಚಿನ್ನಕ್ಕೆ 3000 ಕೆಲ್ವಿನ್ನಿನ ಹಳದಿ ಬೆಳಕು ಒಪ್ಪುತ್ತದೆ. ಬೆಳ್ಳಿ, ವಜ್ರದ ಕೌಂಟರಿಗೆ 4000 ಅಥವಾ ಅದಕ್ಕಿಂತ ಬಿಳಿಯದ್ದು ಬೇಕು. ಮಾಲೀಕರ ಎದುರು ಕೂತು ಬೆಳ್ಳಿಯ ಶೋಕೇಸನ್ನು ಅತ್ತಿಂದಿತ್ತ ಎಳೆದು ತೋರಿಸಿದರೆ ಕಾಲು ಗಂಟೆಯಲ್ಲಿ ತೀರ್ಮಾನ ಆಗುತ್ತೆ. ಸೈಕಲ್ಸಿನಲ್ಲೂ ಲೈಟ್ ಗ್ರೂಪ್ ಇದೆ, ಆದರೆ ಅದನ್ನು ಕಾಂಪೊಸಿಟರಿನಲ್ಲಿ ನೀವೇ ಜೋಡಿಸಿಕೊಳ್ಳಬೇಕು, ಎದುರಿಗೆ ಮಾಲೀಕರನ್ನು ಕೂರಿಸಿಕೊಂಡು ಮಾಡುವಷ್ಟು ಸಲೀಸಲ್ಲ.

ತೊಂದರೆ ಅಂದರೆ ಚಂದಾ. ವರ್ಷಕ್ಕೊಂದೋ ಎರಡೋ ಅಂಗಡಿ ಮಾಡುವವರಿಗೆ ಅದು ಹೊರೆ. ಸ್ಕೆಚ್‌ಅಪ್‌ನ ಚಂದಾ ಬೇರೆ. ತಿಂಗಳಿಗೊಂದು ಕೆಲಸ ಇರುವವರಿಗೆ ಉಳಿಯುವ ಸಮಯದಲ್ಲೇ ಅದು ತೀರುತ್ತದೆ.

ಎನ್‌ಸ್ಕೇಪ್, ಡಿ5, ಈವೀ: ಕೂತಲ್ಲೇ ಕಾಣುವವು

ಇವುಗಳ ಬಲ ಒಂದೇ, ಆದರೆ ಆ ಒಂದು ದೊಡ್ಡದು. ಕೌಂಟರನ್ನು ಅರ್ಧ ಅಡಿ ಸರಿಸಿದರೆ ಮರುಗಳಿಗೆ ಚಿತ್ರ ಬದಲಾಗುತ್ತೆ. ಎನ್‌ಸ್ಕೇಪ್‌ನಿಂದ ಇಡೀ ಅಂಗಡಿಯನ್ನು ಒಂದು ಫೈಲು ಮಾಡಿ ಕೊಟ್ಟರೆ ಮಾಲೀಕರು ತಮ್ಮ ಕಂಪ್ಯೂಟರಿನಲ್ಲೇ ಓಡಾಡಿ ನೋಡಬಹುದು. ಗಲ್ಲಾ ಎಲ್ಲಿ, ತಿಜೋರಿ ಕೋಣೆಯ ಬಾಗಿಲು ಗಿರಾಕಿಗೆ ಕಾಣುತ್ತಾ, ಇಬ್ಬರು ಕುಳಿತರೆ ಹಿಂದೆ ದಾರಿ ಉಳಿಯುತ್ತಾ, ಇಂಥ ಮಾತು ಮುಗಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಡಿ5ಗೆ ಉಚಿತ ಆವೃತ್ತಿಯೂ ಇದೆ. ಆದರೆ ಈ ಎರಡಕ್ಕೂ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು. ಅದಿಲ್ಲದ ಲ್ಯಾಪ್‌ಟಾಪಿನವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು.

ಬ್ಲೆಂಡರಿನ ಒಳಗೇ ಇರುವ ಈವೀಯನ್ನು ತೆಗೆದುಕೊಂಡರೆ ಇವುಗಳ ಮಿತಿ ಎಲ್ಲಿಂದ ಬರುತ್ತೆ ಅನ್ನೋದು ಸ್ಪಷ್ಟವಾಗುತ್ತೆ. 4.2ರಿಂದ ಈವೀಗೆ ಕಿರಣ ಹಿಂಬಾಲಿಸುವ ಶಕ್ತಿ ಬಂದಿದೆ, ಆದರೆ ಅದು ಪರದೆಯ ಮೇಲೆ ಆಗಲೇ ಕಾಣುತ್ತಿರುವುದನ್ನು ಮಾತ್ರ ಹಿಂಬಾಲಿಸುತ್ತದೆ. ನಮ್ಮ ಅಂಗಡಿಯ ನೆಲಕ್ಕೆ ಇದು ನೇರ ಪೆಟ್ಟು. ಹಿಂದಿನ ಸ್ಪಾಟನ್ನು ಕ್ಯಾಮೆರಾ 78 ಡಿಗ್ರಿ ಓರೆಯಲ್ಲಿ ನೋಡುತ್ತಿದೆ, ನೆಲ ಅದನ್ನು 58 ಡಿಗ್ರಿಯಲ್ಲಿ ನೋಡಬೇಕು. ಆ ನೋಟ ಪರದೆಯಲ್ಲಿ ಎಲ್ಲೂ ಇಲ್ಲ. ಕೌಂಟರಿನ ಅಡಿಭಾಗ, ಫ್ರೇಮಿನಾಚೆಯ ಶೋಕೇಸು ಯಾವುದೂ ನೆಲದಲ್ಲಿ ಸರಿಯಾಗಿ ಬರುವುದಿಲ್ಲ. ಕ್ಯಾಮೆರಾ ತಿರುಗಿಸಿದಾಗ ನೆಲದ ಬಿಂಬ ಅಂಚಿನಲ್ಲಿ ತಟ್ಟನೆ ಮಾಯವಾದರೆ ಇದೇ ಕಾರಣ. ನೆಲಕ್ಕೆ ಸರಿಯಾಗಿ ಒಂದು `Plane` ಲೈಟ್ ಪ್ರೋಬ್ ಇಟ್ಟರೆ ನಯವಾದ ಟೈಲಿಗೆ ಸರಿಹೋಗುತ್ತೆ. ಗಾಜಿಗೆ ಅಂಥ ಮದ್ದಿಲ್ಲ: ಬೆಳಕು ಬಾಗಿಸುವ ಒಂದು ಗಾಜಿನ ಹಿಂದೆ ಅಂಥದ್ದೇ ಇನ್ನೊಂದು ಗಾಜು ಸರಿಯಾಗಿ ಕಾಣುವುದಿಲ್ಲ. ಐಇಎಸ್ ನೋಡ್ ಈವೀಯಲ್ಲಿ ಕೆಲಸ ಮಾಡುವುದಿಲ್ಲ.

ಎನ್‌ಸ್ಕೇಪ್, ಡಿ5 ಎರಡಕ್ಕೂ ಐಇಎಸ್ ಕೊಡಬಹುದು, ಕಾರ್ಡಿನ ರೇ ಟ್ರೇಸಿಂಗ್ ಸಹ ಬಳಸಬಹುದು, ಹಾಗಾಗಿ ಈವೀಗಿಂತ ಮುಂದಿವೆ. ಆದರೂ ವೇಗಕ್ಕಾಗಿ ಎಲ್ಲೋ ಒಂದು ಕಡೆ ಕಿರಣ ಕತ್ತರಿಸಲೇಬೇಕು. ಅದು ನಿಮ್ಮ ಆವೃತ್ತಿಯಲ್ಲಿ, ನಿಮ್ಮ ಕಾರ್ಡಿನಲ್ಲಿ ಎಲ್ಲಿ ಅನ್ನೋದನ್ನು ಕೊಳ್ಳುವ ಮೊದಲೇ ಕಂಡುಕೊಳ್ಳಿ. ಎರಡು ಗಾಜಿನ ಪೆಟ್ಟಿಗೆಗಳನ್ನು ಒಂದರ ಹಿಂದೆ ಒಂದು ಇಡಿ, ಹಿಂದಿನದರಲ್ಲಿ ಒಂದು ಚಿನ್ನದ ಬಣ್ಣದ ಗುಂಡು, ಕೆಳಗೆ ಹೊಳಪಿನ ನೆಲ, ಮೇಲೆ ಒಂದು ಸ್ಪಾಟು. ನೆಲದ ಬಿಂಬದೊಳಗೆ ನೋಡಿ: ಅಲ್ಲೂ ಗಾಜು ಗಾಜಾಗಿ, ಒಳಗೆ ಗುಂಡು ಕಂಡರೆ ಸರಿ. ಬೂದು ಪೆಟ್ಟಿಗೆ ಅಥವಾ ಖಾಲಿ ಪೆಟ್ಟಿಗೆ ಕಂಡರೆ ಅಂಗಡಿ ಪೂರ್ತಿ ಮಾಡಿದಾಗ ಹಿಂದಿನ ನೆಲವೆಲ್ಲ ಹಾಗೇ ಇರುತ್ತೆ. ಉಚಿತ ಪ್ರಯೋಗದ ಅವಧಿಯಲ್ಲೇ ಇದಿಷ್ಟು ನೋಡಿಬಿಡಬಹುದು.

ಹಾಗಾದರೆ ಯಾರಿಗೆ ಯಾವುದು

ಈಗಷ್ಟೇ ಶುರು ಮಾಡಿದ್ದೀರಿ, ಕೈಯಲ್ಲಿ ದುಡ್ಡಿಲ್ಲ, ಕಲಿಯಲು ಎರಡು ತಿಂಗಳು ಇದೆ ಅಂದರೆ ಸೈಕಲ್ಸ್. ಕೋನ, ವಿನ್ಯಾಸ ಒಪ್ಪಿಸುವ ಹಂತಕ್ಕೆ ಅದೇ ಫೈಲನ್ನು ಈವೀಯಲ್ಲಿ ತೋರಿಸಿ, ಅಂತಿಮ ಚಿತ್ರವನ್ನು ಸೈಕಲ್ಸಿನಲ್ಲಿ ತೆಗೆಯಿರಿ. ಎರಡೂ ಒಂದೇ ಮನೆಯವು ಅನ್ನೋದು ದೊಡ್ಡ ಅನುಕೂಲ. ಆದರೆ ಈವೀಯ ಚಿತ್ರ ತೋರಿಸುವಾಗ "ಗಾಜು, ನೆಲ ಇನ್ನೂ ಕಚ್ಚಾ" ಅಂತ ಮೊದಲೇ ಹೇಳಿಬಿಡಿ.

ಸ್ಕೆಚ್‌ಅಪ್ ಬಿಡಲಾರಿರಿ, ಅಂಗಡಿಗಳ ಕೆಲಸ ಆಗಾಗ ಬರುತ್ತೆ, ಕಂಪ್ಯೂಟರಿನಲ್ಲಿ ಹೇಳಿಕೊಳ್ಳುವ ಕಾರ್ಡಿಲ್ಲ ಅಂದರೆ ವಿ-ರೇ. ಅದೂ ಪ್ರೊಸೆಸರಿನ ಮೇಲೆ ಓಡುತ್ತೆ. ಮಾಲೀಕರು ಲೈಟಿನ ಬಣ್ಣದ ಬಗ್ಗೆ ಕ್ಷಣಕ್ಕೊಂದು ಹೇಳುವವರಾದರೆ ಕಣ್ಣುಮುಚ್ಚಿ ಇದನ್ನೇ ಹಿಡಿಯಿರಿ.

ಕಾರ್ಡು ಇದೆ, ಕೆಲಸ ನೀವೇ ಮಾಡಿಸುವವರು, ಚಿತ್ರ ಬರೀ ಒಪ್ಪಿಗೆಗೆ ಅಂದರೆ ಎನ್‌ಸ್ಕೇಪ್ ಅಥವಾ ಡಿ5 ಸಾಕು, ಅದಕ್ಕಿಂತ ಹೆಚ್ಚು ಖರ್ಚು ದಂಡ. ಆದರೆ ಮಾಲೀಕರು ಆ ಚಿತ್ರವನ್ನೇ ಅಂಗಡಿ ತೆರೆಯುವ ಮುಂಚಿನ ಫ್ಲೆಕ್ಸಿಗೆ ಹಾಕುತ್ತೇವೆ ಅನ್ನುತ್ತಾರಾ ಕೇಳಿಕೊಳ್ಳಿ. ಹೌದು ಅಂದರೆ ಹತ್ತಡಿ ಅಗಲದಲ್ಲಿ ಗಾಜಿನ ಹಿಂದಿನ ಸುಳ್ಳೆಲ್ಲ ಕಾಣುತ್ತೆ. ಆ ಒಂದು ಚಿತ್ರವನ್ನು ಸೈಕಲ್ಸ್ ಅಥವಾ ವಿ-ರೇ ಗೊತ್ತಿರುವವರಿಂದ ಮಾಡಿಸೋದೇ ಅಗ್ಗ.

ಸೀರೆ ಅಂಗಡಿಯಾದರೆ

ತಕ್ಕಡಿ ಬೇರೆ ಕಡೆ ವಾಲುತ್ತದೆ. ಗಾಜು ಕಡಿಮೆ; ಬಾಗಿಲ ಬಳಿಯ ಗೊಂಬೆಗಳ ಮುಂದೆ, ರೇಷ್ಮೆಯ ಬೀರುಗಳಿಗೆ ಅಷ್ಟೇ. ಹಾಗಾಗಿ ಎನ್‌ಸ್ಕೇಪ್, ಡಿ5ಗಳ ದೊಡ್ಡ ದೋಷ ಇಲ್ಲಿ ಅಷ್ಟು ಕಾಡದು. ಹಳೇ ಪದ್ಧತಿಯ ಅಂಗಡಿಯಾದರೆ ಅರ್ಧ ನೆಲದ ಮೇಲೆ ಬಿಳಿ ಗಾದಿ ಇರುತ್ತೆ, ಟೈಲಿನ ಪ್ರಶ್ನೆ ನಡುದಾರಿಗೆ ಮಾತ್ರ ಉಳಿಯುತ್ತೆ. ಆದರೆ ಆ ಗಾದಿಯೇ ಹೊಸ ಸಮಸ್ಯೆ. ಬಿಳಿ ಬಟ್ಟೆಗೆ ಪೂರ್ತಿ ಬಿಳಿ, ಅಂದರೆ 1.0, ಕೊಟ್ಟರೆ ಬಿದ್ದ ಬೆಳಕನ್ನೆಲ್ಲ ಮೇಲಕ್ಕೆ ಎಸೆದು ಕೆಳಗಿನ ಎರಡು ಸಾಲಿನ ಸೀರೆಗಳ ಬಣ್ಣ ತೊಳೆದುಹಾಕುತ್ತದೆ. 0.75ರ ಸುತ್ತ ಇಡಿ. ಸ್ಪಾಟುಗಳನ್ನು ಗಾದಿಯ ನಡುವಿಗೆ ಹಾಕದೆ, ಸೀರೆ ಬಿಡಿಸಿ ತೋರಿಸುವ ಅಂಚಿಗೆ ಸರಿಸಿ.

ಇಲ್ಲಿ ಮೊದಲ ಅಳತೆಯಾಗುವುದು ಬಣ್ಣ ಮತ್ತು ಜರಿ. ಮೊಳಕಾಲ್ಮೂರಿನ ಸೀರೆ ಮಾರುವವರ ಕಣ್ಣು ಮೊದಲು ಅಂಚಿಗೆ, ಸೆರಗಿಗೆ ಹೋಗುತ್ತೆ. ಗೋಡೆಯ ಪ್ಯಾನೆಲ್ ಎಷ್ಟು ಚೆಂದ ಇದ್ದರೂ ಅಂಚಿನ ಕೆಂಪು ಗುಲಾಬಿಯಾದರೆ ಚಿತ್ರ ಒಪ್ಪುವುದಿಲ್ಲ. ಜರಿಯ ಹೊಳಪು ಎಳೆಯ ದಿಕ್ಕಿಗೆ ಅಡ್ಡಲಾಗಿ ಹರಡುತ್ತದೆ, ಅದಕ್ಕೆ ಅನೈಸೋಟ್ರಪಿ ಬೇಕು. ಸೈಕಲ್ಸ್, ವಿ-ರೇ ಎರಡರಲ್ಲೂ ಮೆಟೀರಿಯಲ್ಲಿನಲ್ಲೇ ಇದೆ. ಈವೀಯಲ್ಲಿ ಅದು ಕೆಲಸ ಮಾಡುವುದಿಲ್ಲ. ದೂರದ ಬೀರುವಿನಲ್ಲಿ ಮಡಿಚಿಟ್ಟ ಸೀರೆಗೆ ಫೋಟೋ ಸಾಕು, ಮುಂದೆ ಗೊಂಬೆಗೆ ಉಡಿಸಿದ ಒಂದೆರಡಕ್ಕೆ ಮಾತ್ರ ಈ ಶ್ರಮ ಪಡಿ.

ಬಣ್ಣ ಪರೀಕ್ಷೆಗೆ ಮಾಲೀಕರಿಂದಲೇ ಒಂದು ಸೀರೆ ಕೇಳಿ ತನ್ನಿ. ಹಗಲು ಬೆಳಕಿನಲ್ಲಿ, ಪಕ್ಕಕ್ಕೆ ಒಂದು ಬೂದು ಕಾರ್ಡಿಟ್ಟು ಫೋಟೋ ತೆಗೆದು ಟೆಕ್ಸ್ಚರ್ ಮಾಡಿ. ಹಳದಿ ಬಲ್ಬಿನ ಕೆಳಗೆ ತೆಗೆದರೆ ರೆಂಡರಿನ 3000 ಕೆಲ್ವಿನ್ ಅದರ ಮೇಲೆ ಇನ್ನೊಂದು ಪದರ ಹಳದಿ ಬಳಿಯುತ್ತೆ, ಆಮೇಲೆ ಯಾವ ಸಾಫ್ಟ್‌ವೇರಿನಲ್ಲೂ ಆ ಕೆಂಪು ವಾಪಸ್ ಬರುವುದಿಲ್ಲ.